ಇಪ್ಪತ್ತೆಂಟರ ಹೊಳಬಸಪ್ಪ

ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಹೊಳಬಸಪ್ಪ ಮುನವಳ್ಳಿಯ ಕನ್ನಡ ಪ್ರೆಸ್ಸು ಎಲ್ಲಿ ಎಂದು ಕೇಳಿದರೆ ಯಾರೂ ತೋರಿಸುತ್ತಿರಲಿಲ್ಲ. ‘ಅಠ್ಠಾವೀಸಕರ’ ಎಂದು ಕೇಳಬೇಕು. ಮರಾಠಿಯಲ್ಲಿ ಅಠ್ಠಾವೀಸ ಎಂದರೆ ಇಪ್ಪತ್ತೆಂಟು. ಊರಿನ ಹೆಸರಿಗೆ ‘ಕರ’ ಹಚ್ಚಿ ಅಡ್ಡಹೆಸರು ಮಾಡುವ ಜನ ಒಂದು ಅಂಕಿಗೆ ‘ಕರ’ ಹಚ್ಚಿದ್ದು ಇದೊಂದೇ ಸಲವಿರಬೇಕು. ಹೊಳಬಸಪ್ಪನಿಗೆ ಅದರಲ್ಲಿ ಚೇಷ್ಟೆ ಕಾಣುತ್ತಿರಲಿಲ್ಲ. ಪದವಿ ಕೊಟ್ಟರೆಂದೇ ತಿಳಿದಿದ್ದ.

ಆ ಪದವಿ ಬಂದ ಬಗೆ ಹೀಗೆ. ಮೊದಲು ಮುದ್ರಣದ ಕಾಗದವೆಲ್ಲ ವಿಲಾಯತಿಯಿಂದ ಬರುತ್ತಿತ್ತು, ಅದರ ದಪ್ಪವನ್ನು ಪೌಂಡಿನಲ್ಲಿ ಹೇಳುವುದು ವಾಡಿಕೆ. ಐದುನೂರು ಹಾಳೆಗಳ ಒಂದು ರೀಮನ್ನು ತಕ್ಕಡಿಗೆ ಹಾಕಿದರೆ ಎಷ್ಟು ಪೌಂಡು ತೂಗುತ್ತದೋ ಅದು ಆ ಕಾಗದದ ತೂಕ. ‘ಇಪ್ಪತ್ನಾಕು ಪೌಂಡಿನ ಡೆಮಿ ಕೊಡ್ರಿ’ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು, ಡೆಮಿ ಎಂದರೆ ಹಾಳೆಯ ಒಂದು ಅಳತೆ. ಆಮೇಲೆ ಸ್ವೀಡನ್ನು, ನಾರ್ವೆಗಳ ಕಾಗದ ಮುಂಬಯಿಗೆ ಇಳಿಯತೊಡಗಿತು. ಅಗ್ಗವಾಗಿತ್ತು, ನುಣುಪಾಗಿತ್ತು. ಆದರೆ ನಮೂನೆಯ ಹಾಳೆಗಳ ಮೂಲೆಯಲ್ಲಿ ಪೌಂಡಿನ ಬದಲು ಗ್ರಾಮಿನ ಮೊಹರು! ಒಂದು ಚದರ ಮೀಟರು ಕಾಗದ ಇಷ್ಟು ಗ್ರಾಮು. ಚೌಕದ ಪ್ರೆಸ್ಸಿನವರು ಆ ಮೊಹರನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟರು. ಮುಂಬಯಿಯ ಏಜೆಂಟರಿಗೆ ಆರ್ಡರು ಬರೆಯಬೇಕಾದದ್ದು ಮಾತ್ರ ಹಳೆಯ ರೂಢಿಯಂತೆ ಪೌಂಡಿನಲ್ಲೇ.

ಆಗ ಹೊಳಬಸಪ್ಪ ಮುಂಬಯಿಗೆ ಹೋಗಿ, ಏಜೆಂಟರ ಕಚೇರಿಯ ಗುಮಾಸ್ತನೊಬ್ಬನಿಗೆ ಚಹಾದ ಮೇಲೆ ಚಹಾ ಕುಡಿಸಿ, ಒಂದು ಸೂತ್ರ ಕಟ್ಟಿಕೊಂಡು ಬಂದ. ನೂರು ಗ್ರಾಮಿಗೆ ಇಪ್ಪತ್ತೆಂಟು ಪೌಂಡು. ಎಪ್ಪತ್ತು ಗ್ರಾಮಿನ ಕಾಗದ ಬೇಕೆ? ಇಪ್ಪತ್ತೆಂಟರಿಂದ ಗುಣಿಸು, ನೂರರಿಂದ ಭಾಗಿಸು, ಹತ್ತೊಂಬತ್ತೂವರೆ ಚಿಲ್ಲರೆ. ಮುಗಿಯಿತು.

ಅಂದಿನಿಂದ ಚೌಕದ ಪ್ರೆಸ್ಸಿನವರು ಇವನ ಕಟ್ಟೆ ಹತ್ತತೊಡಗಿದರು. ಯಾರಾದರೂ ‘ಅಣ್ಣಾ, ಅರವತ್ತು ಗ್ರಾಮಿಗೆ?’ ಎಂದರೆ ಹೊಳಬಸಪ್ಪ ರುಮಾಲು ಸರಿಪಡಿಸಿಕೊಂಡು ಕಣ್ಣು ಮುಚ್ಚುತ್ತಿದ್ದ. ಕಣ್ಣು ಮುಚ್ಚುವುದು ಲೆಕ್ಕಕ್ಕಲ್ಲ, ಲೆಕ್ಕ ಕಠಿಣವಾದದ್ದೆಂದು ಎದುರಿನವರಿಗೆ ತಿಳಿಯಲೆಂದು. ಕಣ್ಣು ತೆರೆದು ‘ಹದಿನೇಳಕ್ಕ ಒಂಚೂರು ಕಡಿಮಿ’ ಎನ್ನುತ್ತಿದ್ದ. ಉತ್ತರ ಸರಿಯಾಗಿಯೇ ಇರುತ್ತಿತ್ತು. ಚೌಕದಲ್ಲಿದ್ದವೆಲ್ಲ ಡೆಮಿ ಅಳತೆಯ ಯಂತ್ರಗಳು. ಬರುತ್ತಿದ್ದದ್ದು ಹದಿನೇಳೂವರೆಗೆ ಇಪ್ಪತ್ತೆರಡೂವರೆ ಇಂಚಿನ ಡೆಮಿ ಹಾಳೆ. ಇಪ್ಪತ್ತೆಂಟು ಆ ಹಾಳೆಯ ಹೊಟ್ಟೆಯಲ್ಲಿ ಹುಟ್ಟಿದ ಅಂಕಿ. ಇದನ್ನು ಆ ಗುಮಾಸ್ತ ಹೇಳಿಯೂ ಇದ್ದ. ಆದರೆ ವರ್ಷಗಟ್ಟಲೆ ಮುಚ್ಚಿದ ಕಣ್ಣಿನಲ್ಲಿ ಉತ್ತರ ಹೇಳಿದ ಮನುಷ್ಯ, ಅಂಕಿಯನ್ನು ಉಳಿಸಿಕೊಂಡು ಹುಟ್ಟನ್ನು ಮರೆತಿದ್ದ.

ಮನೆಯಲ್ಲಿ ಈ ಪದವಿಗೆ ಕಿಮ್ಮತ್ತಿರಲಿಲ್ಲ. ಮನೆಯೆಂದರೆ ಶನಿವಾರ ಪೇಠದ ವಾಡೆಯೊಂದರ ಹಿಂಬದಿಯ ಎರಡು ಖೋಲಿ, ಅದರೊಳಗೆ ಅಕ್ಕ ಕಾಶವ್ವ. ಹೊಳಬಸಪ್ಪ ಮದುವೆಯಾಗಲಿಲ್ಲ, ‘ಪುರಸೊತ್ತು ಸಿಗಲಿಲ್ಲ’ ಎನ್ನುತ್ತಿದ್ದ. ಕಾಶವ್ವ ಎಳೆಯ ವಯಸ್ಸಿನಲ್ಲಿ ಗಂಡನನ್ನು ಪ್ಲೇಗಿಗೆ ಕಳೆದುಕೊಂಡು, ತಮ್ಮನ ಕೈ ಹಿಡಿದು ಬೈಲಹೊಂಗಲದ ಕಡೆಯಿಂದ ಪುಣೆಗೆ ಬಂದವಳು. ಕಚೇರಿಗಳಲ್ಲಿದ್ದ ನಮ್ಮ ಕಡೆಯ ಗುಮಾಸ್ತರಿಗೆ ರೊಟ್ಟಿ ಬಡಿದು ಕೊಟ್ಟು ತಮ್ಮನನ್ನು ಸಾಲೆ ಓದಿಸಿದಳು. ಅವನು ಪ್ರೆಸ್ಸಿಗೆಂದು ಕನ್ನಡ ಅಚ್ಚಿನ ಮೊಳೆಗಳನ್ನು ಕೊಳ್ಳಲು ಹೊರಟಾಗ ತನ್ನ ಕೈಯ ಬಂಗಾರದ ಬಿಲ್ವಾರ ಬಿಚ್ಚಿಕೊಟ್ಟಳು. ಆ ಮೊಳೆಗಳು ಏನು ಹೇಳುತ್ತವೆಂದು ಮಾತ್ರ ಅವಳಿಗೆ ತಿಳಿಯದು. ಅಕ್ಷರದ ಅಂಗಡಿಯ ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ.

ವಾಡೆಯ ಮುಂಭಾಗದಲ್ಲಿದ್ದ ಧಾರವಾಡದ ಶಾಮಲಾಬಾಯಿ ಮಧ್ಯಾಹ್ನದ ಹೊತ್ತು ಕನ್ನಡ ಹೆಣ್ಣುಮಕ್ಕಳಿಗೆ ಓದು ಕಲಿಸುವ ವರ್ಗ ತೆರೆದಾಗ ಕಾಶವ್ವನಿಗೆ ಐವತ್ತು ದಾಟಿತ್ತು. ಹಿಟ್ಟಿನ ಕೈ ತೊಳೆದುಕೊಂಡು ಕರಿಕಲ್ಲಿನ ಪಾಟಿ, ಬಳಪ ಹಿಡಿದು ಹೋಗಿ ಕೂತಳು.

‘ಯಾಕಬೇ ಅಕ್ಕಾ, ಈ ವಯಸ್ಸಿನಾಗ ವಕೀಲಿಕಿ ಮಾಡಾಕಿ ಅದಿ ಏನು?’ ಎಂದ ತಮ್ಮ.

‘ನಿನ್ನ ಬೋರ್ಡಿನ ಮ್ಯಾಲೆ ಏನ ಬರದಿ ಅಂತ ಓದಾಕಿ ಅದೀನಿ. ಖರೇನಽ ನಿನ್ನ ಹೆಸರು ಐತೋ, ಬ್ಯಾರೇದವರದು ಐತೋ, ಯಾರಿಗೆ ಗೊತ್ತು!’

ವರ್ಷ ತುಂಬುವುದರೊಳಗೆ ಬೋರ್ಡು ಓದಿದಳು. ಆಮೇಲೆ ಶಾಮಲಾಬಾಯಿ ದೊಡ್ಡದಾಗಿ ಬರೆದು ವರ್ಗದ ಗೋಡೆಗೆ ಅಂಟಿಸಿದ ಪಾಠ ಓದಿದಳು. ಎಷ್ಟೋ ಸಲ ರೊಟ್ಟಿ ಬಡಿಯುತ್ತ, ‘ಬಾವಿಯ ನೀರು ತಣ್ಣಗಿದೆ’ ಎಂದು ಬಡಿತಕ್ಕೆ ಸರಿಯಾಗಿ ಹೇಳಿಕೊಳ್ಳುವುದು ಕೇಳಿಸುತ್ತಿತ್ತು. ಅವಳಿಗೆ ಒಂದೇ ಆಸೆ ಉಳಿದಿತ್ತು. ಗೋಡೆಯದಲ್ಲ, ಪಾಟಿಯದಲ್ಲ, ಕೈಯಲ್ಲಿ ಹಿಡಿದು ಹಾಳೆ ತಿರುವುವ ಖರೆ ಪುಸ್ತಕ ಓದಬೇಕು.

ಶಾಮಲಾಬಾಯಿಗೂ ಅದೇ ಬೇಕಾಗಿತ್ತು. ಪೇಟೆಯಲ್ಲಿ ಸಿಗುವ ಪುಸ್ತಕಗಳ ಅಕ್ಷರ ವಯಸ್ಸಾದ ಕಣ್ಣಿಗೆ ಸಣ್ಣವು. ಗೋಡೆಯ ಪಾಠವನ್ನೇ ಮೊದಲಿಟ್ಟು, ಉಳಿದ ಪಾಠಗಳನ್ನೂ ತಾನೇ ಬರೆದು ಪ್ರೆಸ್ಸಿಗೆ ತಂದಳು. ‘ಅಕ್ಷರ ದೊಡ್ಡವು ಇರಬೇಕ್ರಿ ಹೊಳಬಸಪ್ಪಾವರ. ಪುಟಾನೂ ದೊಡ್ಡದಿರಬೇಕು. ನಾಡಹಬ್ಬದಾಗ ಸಭಾ ಇಟ್ಟೀವಿ, ಮೊದಲನೇ ಪಾಠಾ ಕಾಶವ್ವಕ್ಕನಽ ಓದತಾರ.’

ಹೊಳಬಸಪ್ಪನಿಗೆ ಇದು ಒಳ್ಳೆಯ ಮುಹೂರ್ತವೆನಿಸಿತು. ಆ ಬೇಸಿಗೆಯಲ್ಲೇ ಅವನು ಮುಂಬಯಿಯಿಂದ ಒಂದು ಹಳೆಯ ದೊಡ್ಡ ಯಂತ್ರ ತರಿಸಿದ್ದ. ಇಪ್ಪತ್ತಕ್ಕೆ ಮೂವತ್ತು ಇಂಚಿನ ಡಬಲ್ ಕ್ರೌನ್ ಹಾಳೆ ನುಂಗುವ ಯಂತ್ರ. ಚೌಕದಲ್ಲಿ ಅಷ್ಟು ದೊಡ್ಡದು ಅವನೊಬ್ಬನದೇ. ಅಕ್ಕನ ಪುಸ್ತಕವೇ ಅದರ ಮೊದಲ ಕೆಲಸ. ಏಜೆಂಟರು ಕಳಿಸಿದ ನಮೂನೆಗಳಲ್ಲಿ ತೊಂಬತ್ತು ಗ್ರಾಮಿನ ಹಾಳೆಯನ್ನು ಆರಿಸಿದ. ಬೆರಳಿಗೆ ತುಂಬಿ ಬರುವಂಥದು, ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಕಾಣದಂಥದು. ದೊಡ್ಡ ಕಪ್ಪು ಅಕ್ಷರಕ್ಕೆ ಅಂಥದೇ ಬೇಕು. ಆಯ್ಕೆ ಸರಿಯಾಗಿಯೇ ಇತ್ತು. ಆಮೇಲೆ ರುಮಾಲು ಸರಿಪಡಿಸಿ ಕಣ್ಣು ಮುಚ್ಚಿದ. ತೊಂಬತ್ತು ಗ್ರಾಮು, ಇಪ್ಪತ್ತೆಂಟರ ಪ್ರಕಾರ ಇಪ್ಪತ್ತೈದು ಪೌಂಡು. ‘ಡಬಲ್ ಕ್ರೌನ್, ಇಪ್ಪತ್ತೈದು ಪೌಂಡು’ ಎಂದು ಆರ್ಡರು ಹೋಯಿತು.

ಯಂತ್ರ ಬದಲಾಗಿತ್ತು, ಹಾಳೆ ಬದಲಾಗಿತ್ತು. ಇಪ್ಪತ್ತೆಂಟು ಬದಲಾಗಿರಲಿಲ್ಲ.

ಅದು ಸಾವಿರದ ಒಂಬೈನೂರಾ ಮೂವತ್ತೊಂಬತ್ತನೆಯ ಇಸವಿ. ಮಳೆಗಾಲದಲ್ಲಿ ಗಾಡಿ ಬಂದು ಕಟ್ಟುಗಳನ್ನು ಇಳಿಸಿತು. ಯಂತ್ರ ನಡೆಸುವ ಫಕೀರಪ್ಪ ಒಂದು ಕಟ್ಟು ಬಿಚ್ಚಿ, ಹಾಳೆಯ ಮೂಲೆ ಹಿಡಿದು ಝಾಡಿಸಿದ. ಗಟ್ಟಿ ಕಾಗದ ಢಣ್ಣೆನ್ನಬೇಕು. ಇದು ಪರಪರ ಎಂದಿತು.

‘ಯಜಮಾನ್ರ, ಸಂಕ್ರಾಂತಿಗೆ ಇನ್ನೂ ಭಾಳ ದಿನ ಐತಿ.’

‘ಸಂಕ್ರಾಂತಿ ಯಾಕೋ?’

‘ಪತಂಗಾ ಮಾಡಿ ಗಾಳ್ಯಾಗ ಹಾರಸಾಕ ತರಿಸೀರಿ ಅಂದ್ಕೊಂಡೆ.’

ಹೊಳಬಸಪ್ಪ ಹಾಳೆ ಮುಟ್ಟಿ ನೋಡಿದ. ಎದೆಯೊಳಗೆ ಏನೋ ಹಗುರಾಗಿ ಪರಪರ ಎಂದಿರಬೇಕು. ಆದರೆ ಬಾಯಿ, ‘ಇದು ಫಾರಿನ್ ಮಾಲು. ತೆಳ್ಳಗಿದ್ರೂ ಗಟ್ಟಿ’ ಎಂದಿತು.

ಎರಡು ದಿನಕ್ಕೆ ಏಜೆಂಟರ ಕಡೆಯ ಲೋಕನಾಥ ಬಂದ. ಕುಮಟಾ ಕಡೆಯವನು, ತಿಂಗಳಿಗೊಮ್ಮೆ ಪುಣೆಯ ಪ್ರೆಸ್ಸುಗಳನ್ನು ಸುತ್ತಿ ಹೋಗುವವನು. ಅವನು ಬಂದಾಗ ಕಟ್ಟೆಯ ಮೇಲೆ ಪಕ್ಕದ ಗಲ್ಲಿಯ ಇಬ್ಬರು ಪ್ರೆಸ್ಸಿನವರು, ಎಂದಿನಂತೆ ಗ್ರಾಮಿನ ಪ್ರಶ್ನೆ ಹೊತ್ತುಕೊಂಡು ಕೂತಿದ್ದರು. ಲೋಕನಾಥ ಬಿಚ್ಚಿದ ಕಟ್ಟನ್ನು ನೋಡಿದ, ಮೇಜಿನ ಮೇಲಿದ್ದ ತೊಂಬತ್ತು ಗ್ರಾಮಿನ ನಮೂನೆಯನ್ನೂ ನೋಡಿದ.

‘ನಿಮಗೆ ಬೇಕಾದದ್ದು ಈ ನಮೂನೆಯದ್ದಾ ಮಾರಾಯ್ರೆ? ಹಾಗಾದ್ರೆ ಬರೆದದ್ದು ತಪ್ಪಿದೆ. ಡಬಲ್ ಕ್ರೌನಿನಲ್ಲಿ ತೊಂಬತ್ತು ಗ್ರಾಮು ಅಂದ್ರೆ ಮೂವತ್ತೆಂಟು ಪೌಂಡು ದಾಟ್ತದೆ. ನೀವು ಇಪ್ಪತ್ತೈದು ಬರೆದಿದ್ದೀರಿ, ನಾವು ಇಪ್ಪತ್ತೈದು ಕಳಿಸಿದ್ದೇವೆ. ಇದು ಅರವತ್ತು ಗ್ರಾಮಿಗೂ ಕಡಿಮೆ.’

‘ನೂರಕ್ಕ ಇಪ್ಪತ್ತೆಂಟು’ ಎಂದ ಹೊಳಬಸಪ್ಪ.

‘ಅದು ಡೆಮಿಗೆ. ಗ್ರಾಮು ಒಂದು ಚದರ ಮೀಟರಿನ ತೂಕ, ಅದಕ್ಕೆ ಹಾಳೆ ದೊಡ್ಡದೋ ಸಣ್ಣದೋ ಗೊತ್ತಿಲ್ಲ. ಪೌಂಡು ಅಂದ್ರೆ ಇಡೀ ರೀಮಿನ ತೂಕ. ಒಂದೇ ಉಣ್ಣೆಯ ಕಂಬಳಿ, ದೊಡ್ಡದು ನೇಯ್ದರೆ ಭಾರ ಹೆಚ್ಚಲ್ವಾ? ಉದ್ದ, ಅಗಲ ಇಂಚಿನಲ್ಲಿ ಗುಣಿಸಿ, ಗ್ರಾಮಿನಿಂದ ಗುಣಿಸಿ, ಐದುನೂರರ ರೀಮಿಗೆ ಸಾವಿರದ ನಾನೂರಾ ಆರರಿಂದ ಭಾಗಿಸಿ. ಡೆಮಿಗೆ ನೂರಕ್ಕೆ ಇಪ್ಪತ್ತೆಂಟು ಬರ್ತದೆ, ಡಬಲ್ ಕ್ರೌನಿಗೆ ನಲವತ್ತೆರಡು ದಾಟ್ತದೆ. ಇರಲಿ ಬಿಡಿ. ಉಳಿದ ಕಟ್ಟು ಬಿಚ್ಚಿಲ್ಲವಲ್ಲ, ವಾಪಸು ಕೊಡಿ. ಮುಂದಿನ ಹಡಗಿಗೆ ಮೂವತ್ತೆಂಟರದ್ದು ತರಿಸಿಕೊಡ್ತೇನೆ.’

ಇದಕ್ಕಿಂತ ಸುಲಭದ ಬಾಗಿಲು ಯಾರಿಗೂ ತೆರೆಯಲಾರದು. ಒಳಗೆ ಕಾಲಿಟ್ಟು ‘ಹೌದು, ತಪ್ಪಾತು’ ಎಂದಿದ್ದರೆ ಸಾಕಿತ್ತು. ಆದರೆ ಕಟ್ಟೆಯ ಮೇಲಿನ ಇಬ್ಬರೂ ಒಮ್ಮೆಲೇ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಅಠ್ಠಾವೀಸಕರನ ಮುಖ ನೋಡುತ್ತಿದ್ದರು.

ಹೊಳಬಸಪ್ಪ ರುಮಾಲು ಸರಿಪಡಿಸಿದ. ‘ನನಗ ಗೊತ್ತಿಲ್ಲೇನ್ರಿ ಇದು? ಬೇಕಂತಽ ಇಪ್ಪತ್ತೈದು ಬರದೀನಿ. ಹೆಣ್ಮಕ್ಕಳ ಪುಸ್ತಕ, ಕೈಗೆ ಹಗುರ ಇರಬೇಕು. ನಮೂನಿ ಬರೇ ನುಣುಪು ನೋಡಾಕ.’

‘ಹಗುರ ಅಂತೂ ಉಂಟು’ ಎಂದು ಲೋಕನಾಥ ಎದ್ದು ಹೋದ. ಕಟ್ಟೆಯ ಮೇಲೆ ಅಡಿಕೆ ಮತ್ತೆ ಸಾಗಿತು. ಪದವಿ ಉಳಿಯಿತು.

ಅಂದೇ ಎಲ್ಲರೂ ಹೋದ ಮೇಲೆ ಹೊಳಬಸಪ್ಪ ಚೂರು ಕಾಗದದ ಮೇಲೆ ಲೆಕ್ಕ ಮಾಡಿ ನೋಡಿದನೆಂದು ಫಕೀರಪ್ಪ ಆಮೇಲೆ ಹೇಳುತ್ತಿದ್ದ. ಕಣ್ಣು ಮುಚ್ಚಿರಲಿಲ್ಲವಂತೆ.

ಕರಡು ತೆಗೆಯುವಾಗ ಏನೂ ಕಾಣಲಿಲ್ಲ. ಕರಡು ಒಂದೇ ಮಗ್ಗುಲಿಗೆ ತೆಗೆಯುವುದು, ಅದೂ ಹಳೆಯ ಗಟ್ಟಿ ಕಾಗದದ ಮೇಲೆ. ಹಾಳೆಯ ಮೊದಲ ಮಗ್ಗುಲು ಅಚ್ಚಾದಾಗಲೂ ಚೆಂದವೇ ಇತ್ತು. ಎರಡನೆಯ ಮಗ್ಗುಲಿಗೆ ಹಾಕಿ ತೆಗೆದಾಗ ಫಕೀರಪ್ಪ ಯಂತ್ರ ನಿಲ್ಲಿಸಿದ. ಮುಂದಿನ ಅಕ್ಷರಗಳ ಸಂದಿಯಲ್ಲೆಲ್ಲ ಹಿಂದಿನ ಪುಟದ ದಪ್ಪ ಅಕ್ಷರಗಳು ತಿರುಗುಮುರುಗಾಗಿ, ನೀರಿನೊಳಗಿನ ಕಲ್ಲಿನಂತೆ ನಸುಗಪ್ಪಾಗಿ ನಿಂತಿದ್ದವು.

‘ಯಜಮಾನ್ರ, ಒಂದಽ ಮಗ್ಗಲ ಅಚ್ಚು ಹಾಕೂಣ್ರಿ. ಹಿಂದ ಖಾಲಿ ಬಿಡೂಣು. ಪುಸ್ತಕ ಅರ್ಧಾ ಕಡಿಮಿ ಆಗತಾವ ಖರೆ, ಆದ್ರ ಓದಾಕ ಬರತೈತಿ.’

‘ಖಾಲಿ ಬಿಟ್ರ ಶಾಮಲಾಬಾಯಿ ಯಾಕ ಅಂತ ಕೇಳಂಗಿಲ್ಲೇನು? ಮಸಿ ಹಸಿ ಐತಿ. ಒಣಗಲಿ, ಸರಿ ಆಗತೈತಿ.’

ಮಸಿ ಒಣಗಿತು. ಸರಿಯಾಗಲಿಲ್ಲ.

ನಾಡಹಬ್ಬದ ಸಭೆಗೆ ವಾಡೆಯ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಕಾಶವ್ವ ಇಳಕಲ್ಲಿನ ಸೀರೆ ಉಟ್ಟು, ಮೂಗಿನ ಮೇಲೆ ಹೊಸ ಚಾಳೀಸು ಏರಿಸಿಕೊಂಡು ಮುಂದೆ ಬಂದಳು. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದಳು, ಕಣ್ಣಿಗೊತ್ತಿಕೊಂಡಳು, ತೆರೆದಳು.

‘ಬಾ...’ ಎಂದು ನಿಂತಳು. ಚಾಳೀಸು ತೆಗೆದು ಸೆರಗಿನಿಂದ ಒರೆಸಿದಳು. ‘ಬಾ... ಬಾವಿ...’ ಬೆರಳು ಸಾಲಿನ ಮೇಲೆ ಹೋಗುವುದು, ನಡುವೆ ಎದ್ದು ನಿಂತ ಉಲ್ಟಾ ಅಕ್ಷರಕ್ಕೆ ಎಡವುವುದು, ಮತ್ತೆ ಹಿಂದೆ ಬರುವುದು. ಓದಿನಲ್ಲಿ ಪಳಗಿದವರ ಕಣ್ಣು ಅಂಥ ನೆರಳನ್ನು ದಾಟಿ ಹೋಗುತ್ತದೆ. ಹೊಸದಾಗಿ ಕಲಿತವರಿಗೆ ಹಾಳೆಯ ಮೇಲೆ ಕಂಡದ್ದೆಲ್ಲ ಅಕ್ಷರವೇ. ಒಂದನ್ನೂ ಬಿಡುವ ಧೈರ್ಯವಿಲ್ಲ. ಬಾಯಿಪಾಠ ಹೇಳಿ ಮುಗಿಸಬಹುದಿತ್ತು, ಪಾಠ ಪೂರಾ ನಾಲಿಗೆಯ ಮೇಲಿತ್ತು. ಆದರೆ ಅವಳು ಹೇಳಲು ಬಂದಿರಲಿಲ್ಲ, ಓದಲು ಬಂದಿದ್ದಳು.

‘ಕಣ್ಣಿಗೆ ಕತ್ತಲಿ ಬಂದಂಗ ಆತ್ರಿ ಬಾಯಾರ’ ಎಂದು ಪುಸ್ತಕ ಮುಚ್ಚಿ ಕೂತುಬಿಟ್ಟಳು. ಎಲ್ಲರೂ ನೀರು ತಂದುಕೊಟ್ಟರು. ಎರಡನೆಯ ಪಾಠ ಓದಿದ ಹುಡುಗಿ ಧಾರವಾಡದಲ್ಲಿ ಸಾಲೆಗೆ ಹೋಗಿ ಬಂದವಳು, ಹೇಗೋ ಓದಿದಳು. ಚಪ್ಪಾಳೆ ಬಿತ್ತು.

ಮರುದಿನ ಊಟಕ್ಕೆ ಬಡಿಸುತ್ತ ಕಾಶವ್ವ ಕೇಳಿದಳು. ‘ತಮ್ಮಾ, ಒಂದು ಅಕ್ಷರಕ್ಕ ಎರಡೆರಡು ಕಾಣತಾವಲ್ಲೋ ನನಗ. ಗ್ವಾಡಿ ಮ್ಯಾಲಿಂದು ಓದೂಮುಂದ ಹಿಂಗ ಇರಲಿಲ್ಲ. ಏನಾಗಿರಬೇಕಂತಿ?’

ತಟ್ಟೆಯಲ್ಲಿ ರೊಟ್ಟಿ ಇತ್ತು. ಅವನನ್ನು ಸಾಲೆ ಓದಿಸಿದ ರೊಟ್ಟಿಯಂಥದೇ. ಹೊಳಬಸಪ್ಪ ಅದನ್ನೇ ನೋಡುತ್ತ ಹೇಳಿದ.

‘ವಯಸ್ಸಾತಬೇ ಅಕ್ಕಾ.’

‘ಹೌದ ನೋಡು’ ಎಂದಳು ಕಾಶವ್ವ. ‘ನಾನೂ ಅದನ್ನಽ ಅಂದ್ಕೊಂಡೆ. ಹಣ್ಣಾದ ಕಾಲಕ್ಕ ಹಿಡೀಬಾರದಿತ್ತು ಇದನ್ನ.’

ಪಾಟಿಯನ್ನು ತೊಳೆದು ಒಲೆಯ ಹಿಂದಿನ ಗೂಡಿನಲ್ಲಿಟ್ಟಳು. ಶಾಮಲಾಬಾಯಿ ಕರೆಯಲು ಬಂದಾಗಲೆಲ್ಲ ಹಿಟ್ಟಿನ ಕೈ ತೋರಿಸಿದಳು. ವರ್ಗದಲ್ಲಿ ಹೊಸಬರು ಇನ್ನೂ ಕೆಲವರು ಪುಸ್ತಕ ಕೈಗೆ ಬಂದ ಮೇಲೆ ಒಬ್ಬೊಬ್ಬರಾಗಿ ಉದುರಿದರು. ಎಲ್ಲರಿಗೂ ಒಮ್ಮೆಲೇ ವಯಸ್ಸಾಗಿತ್ತು. ಶಾಮಲಾಬಾಯಿ ಒಮ್ಮೆ ಪ್ರೆಸ್ಸಿಗೇ ಬಂದು, ‘ಕಾಗದ ತೆಳ್ಳಗಾತೇನ್ರಿ?’ ಎಂದು ಸಂಕೋಚದಿಂದ ಕೇಳಿದಳು. ಅಂದೇ ಹೊಳಬಸಪ್ಪ ಮುಂಬಯಿಗೆ ಬರೆದ, ಮೂವತ್ತೆಂಟು ಪೌಂಡಿನದು ಕಳಿಸಿರೆಂದು. ಆದರೆ ಯುರೋಪಿನಲ್ಲಿ ಯುದ್ಧ ಹತ್ತಿತ್ತು. ಲೋಕನಾಥ ಹೇಳಿದ ಮುಂದಿನ ಹಡಗು ಬರಲೇ ಇಲ್ಲ. ಆಮೇಲೆ ಕಾಗದದ ಮೇಲೆ ಸರಕಾರದ ಹತೋಟಿ ಬಂತು, ಲಗ್ನಪತ್ರಿಕೆಗೂ ಹಾಳೆ ಸಿಗದ ಕಾಲ ಬಂತು. ಪುಸ್ತಕಕ್ಕೆ ಜೋಡಿಸಿದ್ದ ಮೊಳೆಗಳನ್ನೂ ಬಿಚ್ಚಿ ಮೊಳೆಪೆಟ್ಟಿಗೆಯ ಮನೆಗಳಿಗೆ ಹಾಕಿಯಾಗಿತ್ತು.

ಕಟ್ಟೆಗೆ ಜನ ಬರುವುದು ನಿಲ್ಲಲಿಲ್ಲ. ಆದರೆ ಹೊಳಬಸಪ್ಪ ಈಗ ಕಣ್ಣು ಮುಚ್ಚುತ್ತಿರಲಿಲ್ಲ. ‘ಹಾಳಿ ಯಾವ ಅಳತಿದು?’ ಎಂದು ಮೊದಲು ಕೇಳುತ್ತಿದ್ದ. ಇಷ್ಟು ದಿನ ಕೇಳದೆ ಉತ್ತರ ಹೇಳುತ್ತಿದ್ದವನು ಈಗ ಕೇಳುತ್ತಾನೆಂದರೆ ವಿದ್ಯೆ ಕಡಿಮೆಯಾಯಿತೆಂದು ಜನ ತಿಳಿದರು.

ಯುದ್ಧ ಮುಗಿದ ಮರುವರ್ಷ ಒಂದು ದಿನ ಅವನು ಉಳಿದ ಪ್ರತಿಗಳನ್ನು ರದ್ದಿಗೆ ಹಾಕಲೆಂದು ಕಟ್ಟು ಬಿಚ್ಚುತ್ತಿದ್ದಾಗ, ಸಡಿಲಾದ ಒಂದು ಹಾಳೆ ಜಾರಿ ಅಚ್ಚು ಕಟ್ಟುವ ಕಬ್ಬಿಣದ ಹಲಗೆಯ ಮೇಲೆ ಬಿತ್ತು. ಮಸಿ ಕುಡಿದು ಕಪ್ಪಾದ ಹಲಗೆ. ಹಾಳೆ ಬೂದುಬಣ್ಣಕ್ಕೆ ತಿರುಗಿತು. ಹಿಂದಿನ ಅಕ್ಷರಗಳು ಆ ಕಪ್ಪಿನಲ್ಲಿ ಕರಗಿಹೋದವು. ಮುಂದಿನ ಸಾಲು ಒಂದೇ, ಸ್ಪಷ್ಟವಾಗಿ ಉಳಿಯಿತು. ಎತ್ತಿದರೆ ಕಲಸುಮೇಲೋಗರ, ಇಟ್ಟರೆ ಪಾಠ. ಹೊಳಬಸಪ್ಪ ಹುಡುಗರಂತೆ ಎತ್ತುವುದು, ಇಡುವುದು ಮಾಡುತ್ತ ನಿಂತ. ಪುಟದ ಕೆಳಗೆ ಒಂದು ಕಪ್ಪನೆಯ ವಸ್ತು ಇಟ್ಟಿದ್ದರೆ ಸಾಕಿತ್ತು. ಆ ಹೆಣ್ಣುಮಕ್ಕಳೆಲ್ಲರ ತೊಡೆಯ ಮೇಲೆ ಕಪ್ಪನೆಯ ಪಾಟಿ ಇತ್ತು.

ಒಂದು ಪ್ರತಿ ಹಿಡಿದು ಮಧ್ಯಾಹ್ನವೇ ಮನೆಗೆ ಹೋದ. ಗೂಡಿನಿಂದ ಪಾಟಿ ತೆಗೆದು ಧೂಳು ಕೊಡವಿದ. ಕಾಶವ್ವ ಬಾಗಿಲ ಬೆಳಕಿಗೆ ಕೂತು, ಬೆರಳಿನ ಅಂದಾಜಿನಿಂದಲೇ ಅವರೆಕಾಯಿ ಸುಲಿಯುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಒಂದು ಕಣ್ಣಿಗೆ ಶಸ್ತ್ರಕ್ರಿಯೆ ಮಾಡಿಸಿದ್ದು ಕೂಡಿ ಬಂದಿರಲಿಲ್ಲ.

‘ಅಕ್ಕಾ, ಅವಾಗ ಎರಡೆರಡು ಕಾಣತಾವ ಅಂದಿದ್ದಿಯಲ್ಲ. ನಿನ್ನ ಕಣ್ಣಿಂದಲ್ಲಬೇ ಅದು. ಕಾಗದದ್ದು. ತೆಳ್ಳಂದು ತರಿಸಿದ್ದೆ ನಾನು. ಲೆಕ್ಕಾ ತಪ್ಪಿತ್ತು.’

ಕಾಶವ್ವನ ಬೆರಳು ನಿಂತಿತು. ‘ಲೆಕ್ಕಾ? ನಿಂದು?’

‘ನಂದಽ.’

‘ಯಾವಾಗ ಗೊತ್ತಾತು ನಿನಗ?’

ಹೊಳಬಸಪ್ಪ ರುಮಾಲಿಗೆ ಕೈ ಹಾಕಿ ತೆಗೆದ. ‘ಅಚ್ಚು ಹಾಕೂಕಿಂತ ಮೊದಲಽ.’

ಹೊರಗೆ ವಾಡೆಯ ನಳದಲ್ಲಿ ಯಾರೋ ಕೊಡ ತುಂಬುತ್ತಿದ್ದರು. ಕಾಶವ್ವ ತೊಡೆಯ ಮೇಲಿನ ಮೊರವನ್ನು ಕೆಳಗೆ ಸರಿಸಿದಳು.

‘ಅವಾಗ ಕಣ್ಣಿದ್ದೂವಲ್ಲೋ ನನಗ’ ಎಂದಳು.

ಬೈಯಲಿಲ್ಲ. ಬೈದಿದ್ದರೆ ಅವನು ಪಾಟಿಯನ್ನು ಕೆಳಗಿಡುತ್ತಿದ್ದನೇನೋ. ಪಾಟಿಯ ಮೇಲೆ ಪುಟ ಹರವಿ ಅವಳ ಮುಂದೆ ಹಿಡಿದ. ಕಾಶವ್ವ ಮುಖ ಹತ್ತಿರ ತಂದಳು, ಓರೆ ಮಾಡಿದಳು, ಹಾಳೆಯನ್ನು ಬೆರಳಿನಿಂದ ಸವರಿದಳು.

‘ಹಪ್ಪಳದಂಗ ಐತಿ’ ಎಂದಳು. ‘ಈಗ ನನಗ ಮುಂದಿಂದೂ ಕಾಣಂಗಿಲ್ಲ, ಹಿಂದಿಂದೂ ಕಾಣಂಗಿಲ್ಲ ಬಿಡು. ನೀನಽ ಓದು. ಕೇಳತೀನಿ.’

ಹೊಳಬಸಪ್ಪ ಅಕ್ಕನ ಪಕ್ಕದಲ್ಲಿ ಕೂತ. ‘ಬಾವಿಯ ನೀರು ತಣ್ಣಗಿದೆ.’ ಕೆಳಗೆ ಪಾಟಿ ಇತ್ತು, ಅಕ್ಷರಗಳು ಒಂಟೊಂಟಿಯಾಗಿ ಚೆನ್ನಾಗಿ ನಿಂತಿದ್ದವು. ಮುಂದಿನ ಸಾಲಿಗೆ ಅವನು ಬಾಯಿ ತೆರೆಯುವ ಮೊದಲೇ ಕಾಶವ್ವ, ‘ಅಕ್ಕ ಕೊಡ ತಂದಳು, ತಮ್ಮ ಹಗ್ಗ ತಂದನು’ ಎಂದಳು. ಪುಟ ಮುಗಿಯುವವರೆಗೂ ಹೀಗೇ ನಡೆಯಿತು, ಒಂದು ಸಾಲು ಇವನು, ಒಂದು ಸಾಲು ಅವಳು.

‘ಹಾಳಿ ತಿರುವು. ಮುಂದಿಂದು ನನಗ ಬರಂಗಿಲ್ಲ, ಅಲ್ಲೀಮಟ ಹೋಗಿರಲಿಲ್ಲ ನಾನು.’

ಅವನು ಹಾಳೆ ತಿರುವಿದ. ಪಾಟಿಯನ್ನು ತಿರುವಿದ ಹಾಳೆಯ ಕೆಳಗೆ ಸರಿಸಬೇಕೆಂಬುದು ತಲೆಗೆ ಬರಲಿಲ್ಲ. ಬಾಗಿಲ ಬಿಸಿಲು ತೆಳ್ಳನೆಯ ಪುಟವನ್ನು ಹಾಯ್ದು ಬಂತು. ಹಿಂದಿನವು, ಮುಂದಿನವು, ನೆಟ್ಟಗಿನವು, ಉಲ್ಟಾ ಆದವು ಎಲ್ಲ ಒಟ್ಟಿಗೆ ಎದ್ದು ನಿಂತವು. ಅವನ ಕಣ್ಣಲ್ಲೂ ನೀರಾಡಿತ್ತು. ‘ಮ... ಮಳೆ...’ ಎಂದು ತಡವರಿಸಿ ಸುಮ್ಮನಾದ.

ಕಾಶವ್ವ ಅವರೆಕಾಳಿನ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

‘ಯಾಕೋ ನಿಂತಿ ತಮ್ಮಾ? ನಿನಗೂ ವಯಸ್ಸಾತೇನು?’